ಇಳಿಜಾರು ಹೊಲದಲ್ಲಿ ಟ್ರ್ಯಾಕ್ಟರ್ ಮಗುಚಿದ್ದು: ಮಾಲೀಕರಿಗೆ ಕೊಟ್ಟ ಒಂದು ವರದಿಯ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯಲ್ಲಿ ಆಡಿದ ಮಾತಿನ ಬರಹ ರೂಪ. ಮಾತನಾಡಿದವರು ವಾಹನ ಅಪಘಾತಗಳ ನಷ್ಟ ಅಂದಾಜು ಮಾಡುತ್ತಿದ್ದ ನಿವೃತ್ತ ಸರ್ವೇಯರ್, ಬೆಂಗಳೂರಿನ ಶ್ರೀರಾಂಪುರದ ನಿವಾಸಿ. ಸಂಬಂಧಪಟ್ಟವರ ಹೆಸರು, ಊರಿನ ಹೆಸರು ಹೇಳಿಲ್ಲ.)



ಶ್ರೀರಾಂಪುರದಲ್ಲಿ ಕೂತು ಟ್ರ್ಯಾಕ್ಟರ್ ವಿಷಯ ಮಾತಾಡೋದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಮ್ಮ ಬೀದಿಗೆ ಟ್ರ್ಯಾಕ್ಟರ್ ಬಂದರೆ ತಿರುಗಿಸೋಕೂ ಜಾಗ ಇಲ್ಲ. ಆದರೆ ಇಲ್ಲಿನ ಎಷ್ಟೋ ಮನೆಗಳವರಿಗೆ ಮಾಗಡಿ, ಕುಣಿಗಲ್, ತುಮಕೂರು ಕಡೆ ಅಪ್ಪನ ಕಾಲದ ಜಮೀನು ಇನ್ನೂ ಇದೆ. ಮನೆ ಇಲ್ಲಿ, ಹೊಲ ಅಲ್ಲಿ. ಹೊಲದ ಕೆಲಸ ಫೋನಿನಲ್ಲೇ ನಡೆಯುತ್ತೆ. ಇವತ್ತು ನಾನು ಹೇಳೋ ಕಥೆಗೂ ಆ ಫೋನಿಗೂ ಸಂಬಂಧ ಇದೆ, ಅದನ್ನ ಕೊನೆಯಲ್ಲಿ ಹೇಳ್ತೀನಿ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಬೀದಿಯಲ್ಲೇ ಇರೋ ಒಬ್ಬರು ನಿವೃತ್ತ ಮೇಷ್ಟ್ರು ಒಂದು ಭಾನುವಾರ ಬೆಳಗ್ಗೆ ನಮ್ಮ ಮನೆಗೆ ಬಂದರು. ಕೈಯಲ್ಲಿ ಒಂದು ಹಾಳೆ. ಮಾಗಡಿ ತಾಲ್ಲೂಕಿನಲ್ಲಿ ಅವರದ್ದು ನಾಲ್ಕು ಎಕರೆ ಬೆದ್ದಲು, ಒಂದು ಸ್ವಂತ ಟ್ರ್ಯಾಕ್ಟರ್. ಊರಲ್ಲಿರೋ ತಮ್ಮನ ಮಗ ಅದನ್ನೆಲ್ಲ ನೋಡ್ಕೊಳ್ತಾನೆ. ನಾಲ್ಕು ದಿನದ ಹಿಂದೆ ಆ ಹೊಲದಲ್ಲೇ ಟ್ರ್ಯಾಕ್ಟರ್ ಮಗುಚಿಕೊಂಡಿತ್ತು. ದಿನಗೂಲಿ ಮೇಲೆ ಇಟ್ಟುಕೊಂಡಿದ್ದ ಡ್ರೈವರಿಗೆ ಸೊಂಟದ ಮೂಳೆ, ಎಡಗಾಲಿನ ಮೂಳೆ ಎರಡೂ ಮುರಿದು ಆಸ್ಪತ್ರೆಯಲ್ಲಿದ್ದ.

ಹಾಳೆಯಲ್ಲಿ ಮೂರೇ ಸಾಲು ಇತ್ತು. "ಚಾಲಕನ ಅಜಾಗರೂಕತೆ ಮತ್ತು ಅತಿವೇಗದಿಂದ ಟ್ರ್ಯಾಕ್ಟರ್ ಮಗುಚಿರುತ್ತದೆ" ಅಂತ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು.

"ಏನ್ರೀ, ಇಷ್ಟಕ್ಕೆ ಒಂದು ಸಹಿ ಹಾಕಿಕೊಟ್ಟರೆ ಸಾಕು" ಅಂದರು ಮೇಷ್ಟ್ರು.

"ಮೇಷ್ಟ್ರೇ, ಹೊಲ ನೋಡದೆ ಹೇಗೆ ಹಾಕಲಿ? ಒಂದು ಸಲ ಹೋಗಿ ಬರ್ತೀನಿ. ಆಮೇಲೆ ನಾನೇ ವರದಿ ಬರೆದುಕೊಡ್ತೀನಿ" ಅಂದೆ. ಅವರಿಗೆ ಅಷ್ಟು ಇಷ್ಟ ಆಗಲಿಲ್ಲ. ಆದರೂ ಒಪ್ಪಿಕೊಂಡರು.

ಮಾರನೇ ದಿನ ಹೋದೆ. ಜೇಬಿನಲ್ಲಿ ಟೇಪು, ಚೀಲದಲ್ಲಿ ಗಾರೆ ಕೆಲಸದವರು ಇಟ್ಟುಕೊಳ್ಳೋ ರಸಮಟ್ಟ. ಇಷ್ಟೇ ನನ್ನ ಸಾಮಾನು.

ಹೊಲದ ಇಳಿಜಾರು ಬೇರೆ, ಟ್ರ್ಯಾಕ್ಟರ್ ನಿಂತ ಇಳಿಜಾರು ಬೇರೆ

ಮೊದಲು ಜಾಗದ ಚಿತ್ರ ಹೇಳ್ತೀನಿ. ಹೊಲದ ಮೇಲ್ಗಡೆ ಬಂಡಿದಾರಿ. ಅಲ್ಲಿಂದ ಹೊಲ ಕೆಳಗೆ ಇಳೀತಾ ಹೋಗುತ್ತೆ. ಮಧ್ಯದಲ್ಲಿ ಒಂದು ಬದು, ಅದರ ಕೆಳಗೆ ಇನ್ನೊಂದು ತುಂಡು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆರೆ ಗೋಡು ಹೊಡೆಸ್ತಾರಲ್ಲ, ಆ ಕೆಲಸ ನಡೀತಿತ್ತು. ಕೆರೆಯಲ್ಲಿ ಜೆಸಿಬಿ ತುಂಬಿಸುತ್ತೆ, ಟ್ರ್ಯಾಕ್ಟರ್ ಬಂಡಿದಾರಿಯಲ್ಲಿ ಬಂದು ಹೊಲಕ್ಕೆ ಸುರಿಯುತ್ತೆ.

ಇಳಿಜಾರು ಎಷ್ಟು ಅಂತ ಅಳೆಯೋದಕ್ಕೆ ದೊಡ್ಡ ಉಪಕರಣ ಏನೂ ಬೇಡ. ಆರು ಅಡಿ ಉದ್ದದ ಒಂದು ನೇರ ಹಲಗೆ ತಗೊಳ್ಳಿ. ಒಂದು ತುದಿ ಮೇಲ್ಗಡೆ ನೆಲಕ್ಕೆ ಮುಟ್ಟಿಸಿ, ಇನ್ನೊಂದು ತುದಿ ತಗ್ಗಿನ ಕಡೆಗೆ ಚಾಚಿ. ಹಲಗೆ ಮೇಲೆ ರಸಮಟ್ಟ ಇಟ್ಟು ಗುಳ್ಳೆ ಮಧ್ಯಕ್ಕೆ ಬರೋವರೆಗೆ ತಗ್ಗಿನ ತುದಿ ಎತ್ತಿ. ಆ ತುದಿಯಿಂದ ನೆಲಕ್ಕೆ ಎಷ್ಟು ಅಂತ ಟೇಪು ಹಿಡಿಯಿರಿ. ಇಲ್ಲಿ ಮೂರು ಜಾಗದಲ್ಲಿ ಹಿಡಿದೆ, ಹೆಚ್ಚುಕಮ್ಮಿ ಒಂದು ಅಡಿ ಬಂತು. ಅಂದರೆ ಆರು ಅಡಿಗೆ ಒಂದು ಅಡಿ ಇಳಿಜಾರು. ಡಿಗ್ರಿ ಲೆಕ್ಕದಲ್ಲಿ ಒಂಬತ್ತೂವರೆ.

ತಮ್ಮನ ಮಗ ಪಕ್ಕದಲ್ಲೇ ಇದ್ದ. "ಸಾರ್, ಇದೇನ್ ಇಳಿಜಾರಾ? ವರ್ಷಾ ಇದರಲ್ಲೇ ಉಳ್ತೀವಿ. ಇಷ್ಟಕ್ಕೆಲ್ಲ ಟ್ರ್ಯಾಕ್ಟರ್ ಬೀಳಲ್ಲ" ಅಂದ. ಅವನು ಹೇಳಿದ್ದು ಸರಿಯೇ. ಒಂಬತ್ತೂವರೆ ಡಿಗ್ರಿಗೆ ಟ್ರ್ಯಾಕ್ಟರ್ ಬೀಳಲ್ಲ. ಹಾಗಾದರೆ ಇದು ಬಿದ್ದಿದ್ದು ಯಾಕೆ?

ಹೊಲದ ಇಳಿಜಾರು ಅನ್ನೋದು ಸರಾಸರಿ. ಟ್ರ್ಯಾಕ್ಟರಿಗೆ ಆ ಸರಾಸರಿ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಆ ಕ್ಷಣದಲ್ಲಿ ಎಡಗಡೆ ಹಿಂದಿನ ಚಕ್ರ ಎಷ್ಟು ತಗ್ಗಿನಲ್ಲಿದೆ, ಬಲಗಡೆ ಹಿಂದಿನ ಚಕ್ರ ಎಷ್ಟು ಎತ್ತರದಲ್ಲಿದೆ ಅನ್ನೋದು ಮಾತ್ರ. ಈ ಟ್ರ್ಯಾಕ್ಟರಿನ ಎರಡು ಹಿಂದಿನ ಚಕ್ರದ ನಡುವೆ ಅಂತರ 56 ಇಂಚು. ಟ್ರ್ಯಾಕ್ಟರ್ ಇಳಿಜಾರಿಗೆ ಪೂರ್ತಿ ಅಡ್ಡ ನಿಂತರೆ, ಹೊಲದ ಇಳಿಜಾರಿನಿಂದಲೇ ಎರಡು ಚಕ್ರಕ್ಕೂ 9 ಇಂಚು ವ್ಯತ್ಯಾಸ. ಬಿದ್ದ ಜಾಗದಲ್ಲಿ ಕೆಳಗಡೆ ಚಕ್ರ ಇದ್ದಲ್ಲಿ ಹಳೆಯ ಉಳುಮೆಯ ಒಂದು ಆಳದ ಸಾಲು ಇತ್ತು, 6 ಇಂಚು. ಮೇಲ್ಗಡೆ ಚಕ್ರದ ದಾರಿಯಲ್ಲಿ ಮಣ್ಣಿನಿಂದ ಎದ್ದಿದ್ದ ಒಂದು ಕಲ್ಲು, 8 ಇಂಚು. ಅದರ ನೆತ್ತಿ ಮೇಲೆ ಟೈರಿನ ಕಪ್ಪು ಗುರುತು ಇನ್ನೂ ಇತ್ತು.

ಕೂಡಿಸಿ ನೋಡಿ. 9, 6, 8. ಒಟ್ಟು 23 ಇಂಚು. 56 ಇಂಚು ಅಗಲದಲ್ಲಿ 23 ಇಂಚು ವಾಲಿದರೆ ಅದು 24 ಡಿಗ್ರಿ ಆಯ್ತು. ಒಂಬತ್ತೂವರೆ ಡಿಗ್ರಿ ಹೊಲದಲ್ಲಿ ಟ್ರ್ಯಾಕ್ಟರ್ ಇಪ್ಪತ್ನಾಲ್ಕು ಡಿಗ್ರಿ ವಾಲಿತ್ತು.

ಇನ್ನೊಂದು ವಿಷಯ ಇದೆ. ಟ್ರ್ಯಾಕ್ಟರಿಗೆ ನಾಲ್ಕು ಚಕ್ರ ಇದ್ದರೂ ಬೀಳೋ ಲೆಕ್ಕದಲ್ಲಿ ಅದು ಮೂರು ಕಾಲಿನ ಮಣೆ. ಮುಂದಿನ ಅಚ್ಚು ಮಧ್ಯದ ಒಂದು ಪಿನ್ನಿನ ಮೇಲೆ ತೂಗಾಡುತ್ತೆ. ಏರುಪೇರು ನೆಲದಲ್ಲಿ ಎರಡೂ ಮುಂದಿನ ಚಕ್ರ ನೆಲ ಬಿಡಬಾರದು ಅಂತ ಹಾಗೆ ಮಾಡಿರ್ತಾರೆ. ಅದರಿಂದ ಟ್ರ್ಯಾಕ್ಟರ್ ಪಕ್ಕಕ್ಕೆ ವಾಲೋಕೆ ಶುರುವಾದಾಗ ಮುಂದಿನ ಚಕ್ರಗಳು ತಡೆಯಲ್ಲ. ಅಚ್ಚು ಹೋಗಿ ತಡೆಗೆ ತಾಗೋ ಹೊತ್ತಿಗೆ ಟ್ರ್ಯಾಕ್ಟರ್ ಆಗಲೇ ಹೊರಟಿರುತ್ತೆ. ಡ್ರೈವರಿಗೂ ಮುಂದಿನ ಚಕ್ರ ನೆಟ್ಟಗೆ ನೆಲದ ಮೇಲೇ ಕಾಣ್ತಿರೋದರಿಂದ ಅಪಾಯ ಗೊತ್ತಾಗಲ್ಲ.

ಇಂಥ ಟ್ರ್ಯಾಕ್ಟರ್ ನಿಂತಲ್ಲೇ ನಿಂತಿದ್ದರೆ, ಟ್ರೇಲರ್ ಇಲ್ಲದಿದ್ದರೆ, ಅಂದಾಜು 35 ಡಿಗ್ರಿ ದಾಟೋವರೆಗೂ ಬೀಳಲ್ಲ. ಹಾಗಾಗಿ 24 ಡಿಗ್ರಿಯಲ್ಲೂ ಇದು ಬೀಳಬೇಕಾಗಿರಲಿಲ್ಲ. ಉಳಿದ ಹತ್ತು ಹನ್ನೊಂದು ಡಿಗ್ರಿ ಎಲ್ಲಿಂದ ಬಂತು ಅಂತ ಹುಡುಕೋದೇ ಮುಂದಿನ ಕೆಲಸ ಆಯ್ತು.

ಲೋಡಿನ ತೂಕ, ಮತ್ತು ಅದು ತಳ್ಳಿದ ದಿಕ್ಕು

ಲೋಡ್ ಎಷ್ಟಿತ್ತು ಅಂತ ಕೇಳಿದೆ. "ಒಂದ್ ಟ್ರೇಲರ್ ಗೋಡು ಸಾರ್" ಅಂದರು. ಎಲ್ಲರೂ ಹೀಗೇ ಹೇಳೋದು. ಆದರೆ ಒಂದು ಟ್ರೇಲರ್ ಅನ್ನೋದು ಜಾಗದ ಅಳತೆ, ತೂಕ ಅಲ್ಲ.

ಟ್ರೇಲರಿನ ಪೆಟ್ಟಿಗೆ ಅಳೆದೆ. ಉದ್ದ 10 ಅಡಿ, ಅಗಲ 6 ಅಡಿ, ಎತ್ತರ 2 ಅಡಿ. 120 ಘನ ಅಡಿ, ಅಂದರೆ ಹತ್ತಿರ ಹತ್ತಿರ 3,400 ಲೀಟರ್. ಆಮೇಲೆ ಚೆಲ್ಲಿ ಬಿದ್ದಿದ್ದ ರಾಶಿಯಲ್ಲಿ ಒಣಗಿದ ಮೇಲ್ಪದರ ತೆಗೆದು ಒಳಗಿನ ಹಸಿ ಗೋಡನ್ನ 15 ಲೀಟರ್ ಬಕೆಟ್ಟಿಗೆ ತುಂಬಿ ಊರಿನ ಅಂಗಡಿ ತಕ್ಕಡಿಯಲ್ಲಿ ತೂಗಿಸಿದೆ. ಬಕೆಟ್ ತೂಕ ಕಳೆದು 24 ಕೆಜಿ ಬಂತು. ಲೀಟರಿಗೆ 1.6 ಕೆಜಿ. ಆ ಲೆಕ್ಕದಲ್ಲಿ ಪೆಟ್ಟಿಗೆ ಮಟ್ಟಕ್ಕೆ ತುಂಬಿದರೂ ಐದೂವರೆ ಟನ್ ಹತ್ತಿರ. ಟ್ರೇಲರಿನ ಪಟ್ಟಿಯಲ್ಲಿ ಬರೆದಿದ್ದು 3 ಟನ್.

ಹಾಗಾದರೆ ಬೆಳಗ್ಗೆಯಿಂದ ಹೊಡೆದ ಲೋಡುಗಳು? ಜೆಸಿಬಿಯವನನ್ನ ಕೇಳಿದೆ. ಬೆಳಗ್ಗೆ ಮೂರು ಬಕೆಟ್ ಹಾಕ್ತಿದ್ದನಂತೆ, ಅದೂ ಕೆರೆಯ ಮೇಲಿನ ಒಣ ಪದರ. ಮಧ್ಯಾಹ್ನದ ಮೇಲೆ ಒಳಗಿನ ಹಸಿ ಪದರ ಸಿಕ್ಕಿತು, ಬಕೆಟ್ಟೂ ನಾಲ್ಕಾಯ್ತು. ಯಾಕೆ ನಾಲ್ಕು ಅಂದರೆ, "ಜಲ್ದಿ ಮುಗೀಲಿ ಅಂತ ಹೇಳಿದ್ರು ಸಾ" ಅಂದ. ಅಂದರೆ ಬೆಳಗ್ಗೆ ಎಳೆದ ಟ್ರೇಲರಿಗೂ ಸಂಜೆ ಎಳೆದ ಟ್ರೇಲರಿಗೂ ಟನ್ನುಗಟ್ಟಲೆ ವ್ಯತ್ಯಾಸ. ಸೀಟಿನ ಮೇಲೆ ಕೂತವನಿಗೆ ಹಿಂದೆ ಕಾಣೋದು ಅದೇ ಪೆಟ್ಟಿಗೆ, ಅದೇ ಕಪ್ಪು ಮಣ್ಣು.

ಟ್ರೇಲರಿನ ಸ್ವಂತ ತೂಕವನ್ನೂ ಸೇರಿಸಿದರೆ ಹಿಂದೆ ಇದ್ದಿದ್ದು ಸುಮಾರು 6.8 ಟನ್. ಮುಂದೆ ಎಳೆಯೋ ಟ್ರ್ಯಾಕ್ಟರ್ 2 ಟನ್. ಮಟ್ಟ ನೆಲದಲ್ಲಿ ಇದು ಎಳೆಯೋ ಮಾತು. ಇಳಿಜಾರಿನಲ್ಲಿ ಟ್ರೇಲರ್ ಟ್ರ್ಯಾಕ್ಟರನ್ನ ತಳ್ಳುತ್ತೆ. ಆರಕ್ಕೆ ಒಂದು ಇಳಿಜಾರು ಅಂದರೆ ತೂಕದ ಆರನೇ ಒಂದು ಪಾಲು ಕೆಳಗೆ ತಳ್ಳುತ್ತಿರುತ್ತೆ. ನೆಟ್ಟಗೆ ಇಳಿದರೆ ಒಂದು ಟನ್‌ಗೂ ಮೇಲೆ. ಇವನು ಓರೆಯಾಗಿ ಇಳೀತಿದ್ದ, ಆದರೂ ಮುಕ್ಕಾಲು ಟನ್‌ಗೆ ಕಮ್ಮಿ ಇಲ್ಲ. ಟ್ರೇಲರಿಗೆ ಬ್ರೇಕ್ ಇರಲಿಲ್ಲ. ಟ್ರ್ಯಾಕ್ಟರಿನ ಬ್ರೇಕ್ ಇರೋದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಅಂದರೆ ಸುಮಾರು ಒಂಬತ್ತು ಟನ್ ತೂಕವನ್ನ ಸಡಿಲ ಮಣ್ಣಿನ ಮೇಲೆ ಎರಡು ಟೈರು ಹಿಡಿದು ನಿಲ್ಲಿಸಬೇಕಿತ್ತು.

ಒಂದೇ ಚಕ್ರದ ಗುರುತು

ನಾನು ಹೋಗೋ ಹೊತ್ತಿಗೆ ಟ್ರ್ಯಾಕ್ಟರ್ ಎತ್ತಿ ನಿಲ್ಲಿಸಿಬಿಟ್ಟಿದ್ದರು. ಪುಣ್ಯಕ್ಕೆ ತಮ್ಮನ ಮಗ ಎತ್ತೋ ಮುಂಚೆ ಮೊಬೈಲಿನಲ್ಲಿ ಹದಿನೈದು ಇಪ್ಪತ್ತು ಫೋಟೋ ತೆಗೆದಿದ್ದ. ಯಾರಿಗಾದರೂ ಇಂಥ ಸಂದರ್ಭ ಬಂದರೆ ಇದನ್ನ ನೆನಪಿಡಿ. ಮೊದಲು ಗಾಯಾಳುವನ್ನ ಆಸ್ಪತ್ರೆಗೆ ಕಳಿಸಿ. ಆಮೇಲೆ, ಗಾಡಿ ಎತ್ತೋ ಮುಂಚೆ, ಬಂದ ದಾರಿಯ ಫೋಟೋ ತೆಗೆಯಿರಿ. ಬಿದ್ದ ಗಾಡಿಯ ಫೋಟೋ ಎಲ್ಲರೂ ತೆಗೀತಾರೆ. ಕಾರಣ ಇರೋದು ಬಂದ ದಾರಿಯಲ್ಲಿ.

ಒಂದು ಫೋಟೋದಲ್ಲಿ ಉಜ್ಜಿಕೊಂಡು ಬಂದ ಟೈರಿನ ಗುರುತು ಸ್ಪಷ್ಟವಾಗಿತ್ತು. ಹೊಲದಲ್ಲೂ ಅದರ ಉಳಿಕೆ ಸಿಕ್ಕಿತು, ಅಳೆದರೆ 11 ಅಡಿ. ಆದರೆ ಗುರುತು ಒಂದೇ. ಬಲಗಡೆ ಹಿಂದಿನ ಚಕ್ರದ್ದು, ಅಂದರೆ ಮೇಲ್ಗಡೆ ಚಕ್ರದ್ದು. ಎಡಗಡೆ ಚಕ್ರ ಉರುಳಿಕೊಂಡೇ ಬಂದಿತ್ತು, ಟೈರಿನ ಹಲ್ಲಿನ ಅಚ್ಚು ಒಂದೊಂದಾಗಿ ಎಣಿಸೋ ಹಾಗಿತ್ತು. ಕೊನೆಗೆ ಅದೇ ಎಡ ಚಕ್ರ ಪಕ್ಕಕ್ಕೆ ಜರುಗಿ ಆ ಆಳದ ಸಾಲಿನ ಅಂಚನ್ನ ಕಿತ್ತಿತ್ತು.

ಬ್ರೇಕ್ ಒತ್ತಿದರೆ ಎರಡೂ ಚಕ್ರ ಹಿಡೀಬೇಕು ತಾನೇ? ಇಲ್ಲಿ ಒಂದೇ ಹಿಡಿದಿದೆ.

ಟ್ರ್ಯಾಕ್ಟರ್ ಓಡಿಸಿದವರಿಗೆ ಇಷ್ಟೊತ್ತಿಗೆ ಗೊತ್ತಾಗಿರುತ್ತೆ. ಟ್ರ್ಯಾಕ್ಟರಿನಲ್ಲಿ ಬ್ರೇಕ್ ಪೆಡಲ್ ಎರಡು, ಎರಡೂ ಬಲಗಾಲಿಗೆ. ಒಂದು ಎಡ ಚಕ್ರಕ್ಕೆ, ಇನ್ನೊಂದು ಬಲ ಚಕ್ರಕ್ಕೆ. ಉಳುವಾಗ ಹೊಲದ ಮೂಲೆಯಲ್ಲಿ ಚಿಕ್ಕ ಜಾಗದಲ್ಲಿ ತಿರುಗಬೇಕು, ಆಗ ಒಂದೇ ಕಡೆ ಬ್ರೇಕ್ ಒತ್ತಿದರೆ ಆ ಕಡೆಗೆ ಗಿರಕ್ಕಂತ ತಿರುಗುತ್ತೆ. ರಸ್ತೆಗೆ ಬಂದಾಗ, ಟ್ರೇಲರ್ ಕಟ್ಟಿದಾಗ, ಎರಡೂ ಪೆಡಲ್ ಸೇರಿಸಿ ಲಾಕ್ ಮಾಡೋಕೆ ಒಂದು ಸಣ್ಣ ಕಬ್ಬಿಣದ ಪಟ್ಟಿ ಇರುತ್ತೆ. ಅದನ್ನ ಹಾಕಿದರೆ ಎರಡು ಪೆಡಲ್ ಒಂದೇ ಪೆಡಲ್ ಆಗುತ್ತೆ.

ಈ ಟ್ರ್ಯಾಕ್ಟರಿನಲ್ಲಿ ಆ ಪಟ್ಟಿ ಹಿಂದಕ್ಕೆ ಮಡಚಿಕೊಂಡಿತ್ತು. ಕೈಯಲ್ಲಿ ಎತ್ತೋಕೆ ಹೋದೆ, ಬರಲಿಲ್ಲ. ತುಕ್ಕು ಹಿಡಿದು ಅಲ್ಲೇ ಕೂತಿತ್ತು. ಅದರ ಮೇಲೆ ಗ್ರೀಸು, ಧೂಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಇದು ಆವತ್ತು ಬೆಳಗ್ಗೆ ಯಾರೋ ಮರೆತಿದ್ದಲ್ಲ. ತಿಂಗಳುಗಟ್ಟಲೆ ಯಾರೂ ಮುಟ್ಟಿರಲಿಲ್ಲ.

ಡ್ರೈವರನ್ನ ಆಸ್ಪತ್ರೆಯಲ್ಲಿ ನೋಡಿದೆ. ಸುಮಾರು ಮೂವತ್ತೈದು ವಯಸ್ಸು. ಮಾತಾಡೋಕೆ ಹೆದರ್ತಿದ್ದ. ಕೇಸ್ ಹಾಕ್ತಾರೆ ಅಂದ್ಕೊಂಡಿದ್ದ. "ಅಣ್ಣ, ನಿನ್ನ ತಪ್ಪು ಹುಡುಕೋಕೆ ಬಂದಿಲ್ಲ, ಏನಾಯ್ತು ಅಂತ ತಿಳ್ಕೊಳ್ಳೋಕೆ ಬಂದೆ" ಅಂದ ಮೇಲೆ ಹೇಳಿದ.

"ಸಾ, ಹಿಂದಿಂದ ನೂಕ್ತು. ನಾನು ಕ್ಲಚ್ಚು ಬ್ರೇಕು ಎರಡೂ ಒತ್ತಿದೆ. ಒತ್ತಿದ ತಕ್ಷಣ ಬಲಕ್ಕೆ ತಿರುಗಿಬಿಡ್ತು. ಸ್ಟೇರಿಂಗ್ ನಾನು ತಿರುಗಿಸಿಲ್ಲ ಸಾ, ಅದೇ ತಿರುಗ್ತು."

ಅವನ ಮಾತಿಗೂ ನೆಲದ ಗುರುತಿಗೂ ಒಂದಕ್ಕೊಂದು ಹೊಂದಿಕೆ ಇತ್ತು. ಈಗ ಪೂರ್ತಿ ಘಟನೆಯನ್ನ ಸಾಲಾಗಿ ಹೇಳ್ತೀನಿ. ಇಡೀ ಘಟನೆ ಎರಡು ಮೂರು ಸೆಕೆಂಡಿನದ್ದು.

ಟ್ರ್ಯಾಕ್ಟರ್ ಓರೆಯಾಗಿ ಇಳೀತಿದೆ, ಎಡಗಡೆ ತಗ್ಗು. ಹಿಂದಿನಿಂದ ಟ್ರೇಲರ್ ತಳ್ಳುತ್ತೆ. ಅವನು ಕ್ಲಚ್ ಒತ್ತುತ್ತಾನೆ. ಅಲ್ಲಿಯವರೆಗೆ ಗೇರಿನಲ್ಲಿದ್ದ ಎಂಜಿನ್ ಸ್ವಲ್ಪ ಹಿಡಿದಿಟ್ಟಿತ್ತು, ಕ್ಲಚ್ ಒತ್ತಿದ ಕೂಡಲೇ ಆ ಹಿಡಿತ ಹೋಯ್ತು. ಬಲಗಾಲು ಬಲಗಡೆ ಪೆಡಲ್ ಮೇಲೆ ಮಾತ್ರ ಬಿತ್ತು. ಬಲ ಚಕ್ರ ನಿಂತಿತು, ಎಡ ಚಕ್ರ ಉರುಳ್ತಾ ಇತ್ತು. ಟ್ರ್ಯಾಕ್ಟರಿನ ಮೂತಿ ಬಲಕ್ಕೆ, ಮೇಲ್ಗಡೆಗೆ ತಿರುಗಿತು. ಅದುವರೆಗೂ ಓರೆಯಾಗಿದ್ದ ಟ್ರ್ಯಾಕ್ಟರ್ ಇಳಿಜಾರಿಗೆ ಪೂರ್ತಿ ಅಡ್ಡ ಆಯ್ತು. ಬಲ ಚಕ್ರ ಕಲ್ಲು ಹತ್ತಿತು. ಟ್ರೇಲರ್ ಮಾತ್ರ ಬಂದ ದಿಕ್ಕಿನಲ್ಲೇ ತಳ್ಳುತ್ತಿದೆ, ಅದು ಟ್ರ್ಯಾಕ್ಟರಿನ ಹಿಂಭಾಗವನ್ನ ಎಡಕ್ಕೆ, ತಗ್ಗಿನ ಕಡೆಗೆ ನೂಕಿತು. ಎಡ ಚಕ್ರ ಜರುಗಿ ಸಾಲಿನ ಅಂಚಿಗೆ ಸಿಕ್ಕಿ ನಿಂತಿತು. ಕೆಳಗೆ ಚಕ್ರ ನಿಂತಿತು, ಮೇಲೆ ಗಾಡಿ ಹೋಗ್ತಾನೇ ಇತ್ತು. ಮಗುಚಿಕೊಂಡಿತು. ನಾನು ಹುಡುಕುತ್ತಿದ್ದ ಆ ಹತ್ತು ಹನ್ನೊಂದು ಡಿಗ್ರಿ ಬಂದಿದ್ದು ಇಲ್ಲಿಂದ, ಆ ತಿರುವು ಮತ್ತು ಆ ನೂಕಿನಿಂದ.

ಚಕ್ರ ನೆಲ ಬಿಟ್ಟ ಮೇಲೆ ಒಂದು ಸೆಕೆಂಡಿನ ಆಸುಪಾಸಿನಲ್ಲಿ ಎಲ್ಲ ಮುಗೀತು. ಜಿಗೀಬೇಕಿತ್ತು ಅಂತ ಊರಲ್ಲಿ ಹೇಳ್ತಿದ್ದರು. ಆ ಸಮಯದಲ್ಲಿ ಯಾರಿಂದಲೂ ಯೋಚನೆ ಮಾಡಿ ಜಿಗಿಯೋಕಾಗಲ್ಲ. ಜಿಗಿದವರು ಬಹಳ ಸಲ ಜಿಗಿಯೋದು ಗಾಡಿ ಬೀಳೋ ಕಡೆಗೇ. ಇವನನ್ನ ಉಳಿಸಿದ್ದು ಗಾಡಿಯನ್ನ ಬೀಳಿಸಿದ ಅದೇ ಸಾಲು. ಮಡ್‌ಗಾರ್ಡಿನ ಅಂಚಿಗೂ ನೆಲಕ್ಕೂ ಮಧ್ಯೆ ಆ ತಗ್ಗಿನಲ್ಲಿ ಸ್ವಲ್ಪ ಜಾಗ ಸಿಕ್ಕಿತು.

ಟ್ರ್ಯಾಕ್ಟರ್ ಮೇಲೆ ಒಂದು ಟಾಪ್ ಇತ್ತು. "ಟಾಪ್ ಇತ್ತಲ್ಲ ಸಾರ್, ಆದರೂ ಹೀಗಾಯ್ತು" ಅಂದರು. ಅದು ನೆರಳಿಗೆ ಹಾಕಿಸಿದ ತೆಳು ಪೈಪಿನ ಟಾಪ್, ಬಿದ್ದಾಗ ಹಪ್ಪಳದ ಹಾಗೆ ಮಡಚಿಕೊಂಡಿತ್ತು. ಮಗುಚಿದಾಗ ತೂಕ ತಡೆಯೋ ಚೌಕಟ್ಟು ಬೇರೆ. ಅದು ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೇ ಬೋಲ್ಟ್ ಆಗಿರೋ ದಪ್ಪ ಉಕ್ಕಿನ ಕಮಾನು. ಸ್ವೀಡನ್ ದೇಶದಲ್ಲಿ 1959ರಿಂದಲೇ ಹೊಸ ಟ್ರ್ಯಾಕ್ಟರುಗಳಿಗೆ ಅದನ್ನ ಕಡ್ಡಾಯ ಮಾಡಿದರು, ಆಮೇಲೆ ಅಲ್ಲಿ ಮಗುಚಿ ಸಾಯೋರು ಬಹಳ ಬಹಳ ಕಮ್ಮಿ ಆದರು. ಕಮಾನಿನ ಜೊತೆಗೆ ಸೀಟ್ ಬೆಲ್ಟ್ ಹಾಕಿಕೊಂಡಿರಬೇಕು, ಇಲ್ಲದಿದ್ದರೆ ಎಸೆದು ಅದೇ ಕಮಾನಿನ ಕೆಳಗೇ ಸಿಕ್ಕಿಕೊಳ್ಳಬಹುದು. ನೆರಳಿನ ಟಾಪಿಗೆ ಬೆಲ್ಟ್ ಕಟ್ಟಿಸೋದು ಇನ್ನೂ ಅಪಾಯ, ಅದನ್ನ ಮಾತ್ರ ಮಾಡಬೇಡಿ.

ಹನ್ನೊಂದು ವರ್ಷದ ಅನುಭವ ಎಲ್ಲಿಯದು?

ಇನ್ನು ಡ್ರೈವರಿನ ಅನುಭವ. ಇಂಥ ವರದಿಯಲ್ಲಿ ಸಾಮಾನ್ಯವಾಗಿ "ಚಾಲಕನಿಗೆ ಇಂತಿಷ್ಟು ವರ್ಷ ಅನುಭವ" ಅಂತ ಒಂದು ಸಾಲು ಬರೆದು ಮುಗಿಸ್ತಾರೆ. ಇವನಿಗೆ ಹನ್ನೊಂದು ವರ್ಷ. ಅದನ್ನ ಎರಡು ಥರ ಓದಬಹುದು. ಮೇಷ್ಟ್ರು ಓದಿದ್ದು, ಇಷ್ಟು ಅನುಭವ ಇದ್ದೂ ಬೀಳಿಸಿದ ಅಂದರೆ ಅಜಾಗರೂಕತೆಯೇ ಅಂತ. ನಾನು ಬಿಡಿಸಿ ಕೇಳಿದೆ. ಯಾವ ನೆಲದಲ್ಲಿ? ಏನು ಕಟ್ಟಿಕೊಂಡು? ಯಾವ ಗಾಡಿ?

ಹನ್ನೊಂದರಲ್ಲಿ ಒಂಬತ್ತು ವರ್ಷ ಮಂಡ್ಯ ಕಡೆ ಗದ್ದೆಯಲ್ಲಿ. ಮಟ್ಟ ನೆಲ, ಕೆಸರು, ಉಳುಮೆ. ಅಲ್ಲಿ ಪೆಡಲ್ ಬೇರೆ ಬೇರೆ ಇರಲೇಬೇಕು, ದಿನಕ್ಕೆ ನೂರು ಸಲ ಒಂಟಿ ಬ್ರೇಕ್ ಹಾಕಿ ತಿರುಗಿಸಬೇಕು. ಉಳಿದ ಎರಡು ವರ್ಷ ಕಬ್ಬಿನ ಟ್ರೇಲರ್, ಅದೂ ರಸ್ತೆ ಮೇಲೆ. ಇಳಿಜಾರು ಹೊಲದಲ್ಲಿ ಲೋಡ್ ಟ್ರೇಲರ್ ಇಳಿಸಿದ್ದು ಇದೇ ಮೊದಲು. ಈ ಟ್ರ್ಯಾಕ್ಟರ್ ಅವನ ಕೈಗೆ ಬಂದು ಒಂಬತ್ತು ದಿನ ಆಗಿತ್ತು. ಅದಕ್ಕೆ ವರದಿಯಲ್ಲಿ ಹನ್ನೊಂದು ವರ್ಷ ಅಂತ ಬರೆದು ಬಿಡಲಿಲ್ಲ. "ಈ ಕೆಲಸದಲ್ಲಿ, ಈ ನೆಲದಲ್ಲಿ, ಈ ಲೋಡಿನೊಂದಿಗೆ ಚಾಲಕನ ಅನುಭವ ಒಂದು ದಿನಕ್ಕಿಂತ ಕಡಿಮೆ" ಅಂತ ಬರೆದೆ.

ಅವನು ಮಾಡಿದ ತಪ್ಪನ್ನೂ ಬರೆದೆ. ಇಳಿಯೋ ಮುಂಚೆ ಪೆಡಲ್ ಸೇರಿಸಿದೆಯಾ ಅಂತ ನೋಡಬೇಕಿತ್ತು. ಕ್ಲಚ್ ಒತ್ತಬಾರದಿತ್ತು. ಯಾವ ಗೇರಿನಲ್ಲಿ ಲೋಡ್ ಹತ್ತಿಸೋಕಾಗುತ್ತೋ ಅದೇ ಗೇರಿನಲ್ಲಿ ಇಳಿಸಬೇಕು, ನಡುವೆ ಗೇರ್ ಬದಲಾಯಿಸೋ ಹಾಗಿಲ್ಲ. ವೇಗದ ಬಗ್ಗೆ ಮಾತ್ರ "ನಡಿಗೆಗಿಂತ ಜೋರು, ಎಷ್ಟು ಅಂತ ಗುರುತುಗಳಿಂದ ಹೇಳಲು ಸಾಧ್ಯವಿಲ್ಲ" ಅಂತ ಬರೆದೆ. ಅತಿವೇಗ ಅಂತ ಬರೆಯೋಕೆ ನನ್ನ ಹತ್ತಿರ ಆಧಾರ ಇರಲಿಲ್ಲ.

ಆ ದಾರಿಗೆ ಅವನು ಯಾಕೆ ಹೋದ?

ಒಂದು ಪ್ರಶ್ನೆ ಉಳೀತು. ಬೆಳಗ್ಗೆಯಿಂದ ಎಂಟು ಲೋಡ್ ಮೇಲಿನ ತುಂಡಿನಲ್ಲೇ, ಬಂಡಿದಾರಿ ಪಕ್ಕದಲ್ಲೇ ಸುರಿದಿದ್ದ. ಒಂಬತ್ತನೇ ಲೋಡ್ ಮಾತ್ರ ಕೆಳಗಿನ ತುಂಡಿಗೆ ಇಳಿಸೋಕೆ ಹೋದ. ಯಾಕೆ?

ತಮ್ಮನ ಮಗ ತಲೆ ತಗ್ಗಿಸಿ ಹೇಳಿದ. "ದೊಡ್ಡಪ್ಪ ಫೋನ್ ಮಾಡಿದ್ರು ಸಾರ್. ಜೆಸಿಬಿಗೆ ಗಂಟೆ ಲೆಕ್ಕದಲ್ಲಿ ಬಾಡಿಗೆ ಆಗ್ತಿದೆ, ಕೆಳಗಿನ ತುಂಡಿಗೂ ಇವತ್ತೇ ಹೊಡೆಸಿಬಿಡು, ಸಂಜೆ ಒಳಗೆ ಮುಗಿಸು ಅಂದ್ರು."

ಕೆಳಗಿನ ತುಂಡಿಗೆ ಹೋಗೋಕೆ ಸರಿಯಾದ ದಾರಿ ಇತ್ತು. ಹೊಲದ ಅಂಚಿನಲ್ಲಿ ಸುತ್ತಿ ಹೋಗೋ, ನಿಧಾನಕ್ಕೆ ಇಳಿಯೋ ಹಳೇ ಗಾಡಿಜಾಡು. ಅದಕ್ಕೆ ಅಡ್ಡವಾಗಿ ಒಂದು ವಾರದ ಹಿಂದೆ ಬೋರ್‌ವೆಲ್ ಪೈಪಿಗೆ ಅಂತ ಎರಡು ಅಡಿ ಆಳದ ಕಾಲುವೆ ತೋಡಿಸಿ ಹಾಗೇ ಬಿಟ್ಟಿದ್ದರು. ಆ ದಾರಿ ಮುಚ್ಚಿತ್ತು. ಹಾಗಾಗಿ ಹೊಲದ ಮಧ್ಯೆ ಓರೆಯಾಗಿ ಇಳಿಸಿದ.

ವರದಿ ನಾಲ್ಕು ಪುಟ ಆಯ್ತು. ನೆಲ, ಲೋಡು, ಗಾಡಿ, ಚಾಲಕ, ಘಟನೆಯ ಕ್ರಮ, ತಿಳಿಯಲಾಗದ್ದು, ಹೀಗೆ ಆರು ಭಾಗ. ಆ ಫೋನಿನ ಮಾತು, ಮುಚ್ಚದ ಕಾಲುವೆ, ತುಕ್ಕು ಹಿಡಿದ ಪಟ್ಟಿ, ಮೂರೂ ಅದರಲ್ಲಿ ಇತ್ತು.

ಮೇಷ್ಟ್ರು ನಮ್ಮ ಮನೆ ಜಗುಲಿಯಲ್ಲಿ ಕೂತು ಓದಿದರು. ಎರಡು ಸಲ ಓದಿದರು. "ಫೋನ್ ಮಾಡಿದ್ದನ್ನೂ ಬರೆದಿದ್ದೀರಲ್ಲ" ಅಂದರು.

"ಹೌದು ಮೇಷ್ಟ್ರೇ. ಅದು ಆಗಿದ್ದೇ ಹಾಗೆ."

"ಇದನ್ನ ತೆಗೆಯೋಕಾಗಲ್ವಾ?"

"ಅದನ್ನ ತೆಗೆದರೆ, ಅವನು ಆ ದಾರಿಗೆ ಯಾಕೆ ಹೋದ ಅನ್ನೋ ಪ್ರಶ್ನೆಗೆ ವರದಿಯಲ್ಲಿ ಉತ್ತರ ಇರಲ್ಲ. ಓದಿದವರು ಅವನೇ ಹುಚ್ಚಾಟಕ್ಕೆ ಹೋದ ಅಂದ್ಕೊಳ್ತಾರೆ."

ಏನೂ ಮಾತಾಡದೆ ತಗೊಂಡು ಹೋದರು. ಎರಡು ವಾರ ಬೀದಿಯಲ್ಲಿ ಸಿಕ್ಕಿದರೂ ಮುಖ ಕೊಡಲಿಲ್ಲ.

ಇಲ್ಲಿ ಕಾನೂನಿನ ಒಂದು ಮಾತು ಹೇಳಬೇಕು. ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಟ್ರ್ಯಾಕ್ಟರಿನಿಂದ ಮಾಡೋ ಬೇಸಾಯದ ಕೆಲಸವೂ ಸೇರಿತ್ತು. ಕೆಲಸಗಾರ ಎಚ್ಚರ ತಪ್ಪಿದ ಅನ್ನೋ ಒಂದೇ ಕಾರಣಕ್ಕೆ ಪರಿಹಾರ ತಪ್ಪಿಸೋಕೆ ಅದರಲ್ಲಿ ಅವಕಾಶ ಇರಲಿಲ್ಲ. ಕುಡಿದಿದ್ದ, ಅಥವಾ ಹೇಳಿದ ಸುರಕ್ಷತೆಯ ನಿಯಮವನ್ನ ಬೇಕಂತಲೇ ಮುರಿದ, ಅಥವಾ ಸುರಕ್ಷತೆಗೆ ಇದ್ದ ಸಾಧನವನ್ನ ಬೇಕಂತಲೇ ತೆಗೆದ, ಇಂಥದ್ದನ್ನ ತೋರಿಸಬೇಕಿತ್ತು. ಅದೂ ಸಾವು ಅಥವಾ ಪೂರ್ತಿ ಶಾಶ್ವತ ಅಂಗವೈಕಲ್ಯ ಆಗಿದ್ದರೆ ಆ ವಾದವೂ ನಡೀತಿರಲಿಲ್ಲ. ಅಂದರೆ ಆ ಮೂರು ಸಾಲಿನ ಹಾಳೆಗೆ ನಾನು ಸಹಿ ಹಾಕಿದ್ದರೂ ಮೇಷ್ಟ್ರಿಗೆ ಪ್ರಯೋಜನ ಆಗ್ತಿರಲಿಲ್ಲ. ಅವರ ವಕೀಲರೂ ಅದನ್ನೇ ಹೇಳಿದರಂತೆ.

ಎರಡು ವಾರ ಆದಮೇಲೆ ಮೇಷ್ಟ್ರು ಮತ್ತೆ ಬಂದರು. ಆಸ್ಪತ್ರೆಗೆ ಹೋಗಿ ಬಂದಿದ್ದರು. ಆಸ್ಪತ್ರೆ ಖರ್ಚು, ಕೆಲಸ ಮಾಡೋಕಾಗದ ತಿಂಗಳುಗಳ ಕೂಲಿ, ಮೇಲೆ ಪರಿಹಾರದ ಮೊತ್ತ, ಕೊನೆಗೆ ಎಲ್ಲವನ್ನೂ ಕೊಟ್ಟರು. ಸುಲಭಕ್ಕೆ ಕೊಟ್ಟರು ಅಂತ ಹೇಳಲ್ಲ. ಟ್ರ್ಯಾಕ್ಟರ್ ಸಾಲ ಇನ್ನೂ ತೀರಿರಲಿಲ್ಲ, ಮೇಲಿನ ತುಂಡಿನಲ್ಲಿ ಸ್ವಲ್ಪ ಜಾಗ ಮಾರಬೇಕಾಯ್ತು. ಡ್ರೈವರ್ ಈಗ ಕೋಲಿಲ್ಲದೆ ನಡೀತಾನೆ, ಸ್ವಲ್ಪ ಕುಂಟ್ತಾನೆ. ಮತ್ತೆ ಟ್ರ್ಯಾಕ್ಟರ್ ಹತ್ತಿಲ್ಲ. ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ.

ಕಾಲುವೆ ಮುಚ್ಚಿಸಿದರು. ಪೆಡಲಿನ ಪಟ್ಟಿ ಹೊಸದು ಹಾಕಿಸೋಕೆ ಎಷ್ಟಾಯ್ತು ಅಂತ ಮೇಷ್ಟ್ರೇ ನನಗೆ ಹೇಳಿದರು. ಪಿನ್ನು, ಪಟ್ಟಿ, ಕೂಲಿ ಎಲ್ಲ ಸೇರಿ ಜೆಸಿಬಿಯ ಒಂದು ಗಂಟೆಯ ಬಾಡಿಗೆಗಿಂತ ಕಮ್ಮಿ.

ನಿಮ್ಮದೂ ಜಮೀನು ಊರಲ್ಲಿ, ಟ್ರ್ಯಾಕ್ಟರ್ ಊರಲ್ಲಿ, ನೀವು ಇಲ್ಲಿ ಅಂತ ಇದ್ದರೆ, ಈ ಸಲ ಹೋದಾಗ ಡ್ರೈವರ್ ಸೀಟಿನ ಮುಂದೆ ಬಗ್ಗಿ ಆ ಪಟ್ಟಿ ಅಲುಗಾಡುತ್ತಾ ಅಂತ ನೋಡಿ. ಫೋನಿನಲ್ಲಿ ಜಲ್ದಿ ಮುಗಿಸು ಅನ್ನೋ ಮುಂಚೆ ಎಷ್ಟು ಬಕೆಟ್ ಹಾಕ್ತಿದ್ದೀರಿ, ಯಾವ ದಾರಿಯಲ್ಲಿ ಇಳಿಸ್ತಿದ್ದೀರಿ ಅಂತ ಕೇಳಿ.